ಮೋಲ್ಡ್ ಹಾಕುವ ಹಿಂದಿನ ಸಂಜೆ: ಫ್ಯಾನ್ ಬಾಕ್ಸ್, ವೈರಿಂಗ್ ಪೈಪು, ಸ್ಲೀವ್

ಮಿಕ್ಸರ್ ತಿರುಗಲು ಶುರುವಾದ ಮೇಲೆ ಮನೆ ಯಜಮಾನರ ಮಾತನ್ನು ಯಾರೂ ಕೇಳುವುದಿಲ್ಲ. ಎಲೆಕ್ಟ್ರಿಷಿಯನ್, ಪ್ಲಂಬರ್ ಇಬ್ಬರ ಕೆಲಸವೂ ಹಿಂದಿನ ದಿನವೇ ಮುಗಿಯಲಿ. ಬೆಳಕಿರುವಾಗಲೇ ನೀವು ಟೇಪು ಹಿಡಿದು ಸೆಂಟ್ರಿಂಗ್ ಮೇಲೆ ಹತ್ತಿ ಒಂದು ಸುತ್ತು ನೋಡಿಬಿಡಿ.

ಮೊದಲು ಫ್ಯಾನಿನ ಜಾಗ. ಕೋಣೆಯ ನಡುವಿಗೆ ಬಾಕ್ಸ್ ಇಟ್ಟರಾಯಿತು ಅನ್ನುತ್ತಾರೆ, ಆದರೆ ಯಾವುದರ ನಡು? 12 ಅಡಿಗೆ 10 ಅಡಿ ಮಲಗುವ ಕೋಣೆ ಅಂದುಕೊಳ್ಳಿ. 10 ಅಡಿ ಗೋಡೆಗೆ ಉದ್ದಕ್ಕೂ 2 ಅಡಿ ಆಳದ ವಾರ್ಡ್‌ರೋಬ್ ಬರುವುದಿದ್ದರೆ ಉಳಿಯುವುದು 10ಕ್ಕೆ 10ರ ಜಾಗ. ಆಗ ಫ್ಯಾನು ಕೋಣೆಯ ನಡುವಿನಿಂದ ಒಂದು ಅಡಿ ಆಚೆಗೆ ಸರಿಯಬೇಕು. ಇದನ್ನು ಮರೆತರೆ ಫ್ಯಾನು ಜನ್ಮಪೂರ್ತಿ ವಾರ್ಡ್‌ರೋಬಿಗೆ ಗಾಳಿ ಹಾಕುತ್ತಿರುತ್ತದೆ. ಕಂಬಿ ಕಟ್ಟುವ ಮುಂಚೆಯೇ ಗೋಡೆಯ ಒಳಮೈಯಿಂದ ಅಳೆದು, ಉಳಿಯುವ ಜಾಗದ ಮೂಲೆಯಿಂದ ಮೂಲೆಗೆ ಎರಡು ದಾರ ಎಳೆದು, ಅವು ಕೂಡುವಲ್ಲಿ ಶೀಟಿನ ಮೇಲೆ ಪೇಂಟಿನಿಂದ ಗುರುತು ಹಾಕಿಸಿ. ಗುರುತಿನ ಮೇಲೆ ಕಂಬಿ ಬಂದರೆ ಕಂಬಿಯನ್ನು ಸ್ವಲ್ಪ ಸರಿಸಬೇಕೇ ಹೊರತು ಕತ್ತರಿಸಬಾರದು.

ಇನ್ನು ಕೊಕ್ಕೆ. ಬಾಕ್ಸಿನ ತಗಡು ಫ್ಯಾನನ್ನು ಹೊರುವುದಿಲ್ಲ, ಹೊರುವುದು ಅದರೊಳಗಿನ ರಾಡು. ರಾಡು 12 ಎಂಎಂ ದಪ್ಪ ಇರಲಿ. ಬಾಕ್ಸಿನೊಳಗೆ ಯು ಆಕಾರಕ್ಕೆ ಬಾಗಿ, ಎರಡೂ ತೋಳು ಹೊರಗೆ ಕಡಿಮೆಯೆಂದರೆ 6 ಇಂಚು ಚಾಚಿರಲಿ. ಆ ತೋಳುಗಳು ಕೆಳಗಿನ ಜಾಲರಿಯ ಕಂಬಿಯ ಮೇಲೆ ಕೂತಿರಬೇಕು, ಕೆಳಗೆ ನುಸುಳಿರಬಾರದು. ಎರಡೂ ಕಡೆ ಬೈಂಡಿಂಗ್ ವೈರಿನಿಂದ ಬಿಗಿಸಿ. ಫ್ಯಾನಿನ ತೂಕ ದೊಡ್ಡದಲ್ಲ. ವರ್ಷಗಟ್ಟಲೆ ಅದು ಅಲುಗುತ್ತಿರುತ್ತದಲ್ಲ, ಸಡಿಲ ಮಾಡುವುದು ಆ ಅಲುಗಾಟ. ಬಾಗಿನ ಒಳಗೆ ಬೆರಳು ತೂರಿಸಿ ನೋಡಿ. ಫ್ಯಾನಿನ ರಬ್ಬರ್ ಗಾಲಿ ಕೂರುವಷ್ಟು ಸಂದು ಇಲ್ಲದಿದ್ದರೆ ಬೇರೆ ಬಾಕ್ಸ್ ತರಿಸಿ.

ಬಾಕ್ಸಿನ ಬಾಯಿ ಶೀಟಿಗೆ ಒತ್ತಿಕೊಂಡೇ ಇರಬೇಕು. ಪ್ಲೈವುಡ್ ಆದರೆ ಮೊಳೆ ಹೊಡೆಸಿ, ಕಬ್ಬಿಣದ ಶೀಟಾದರೆ ಕಂಬಿಗೆ ಎಳೆದು ಕಟ್ಟಿಸಿ. ಕಾಲಿಂಚು ಎದ್ದರೂ ಸಿಮೆಂಟು ಹಾಲು ಕೆಳಗೆ ನುಗ್ಗಿ ಬಾಯಿ ಮುಚ್ಚುತ್ತದೆ, ಆಮೇಲೆ ಬಾಕ್ಸ್ ಎಲ್ಲಿದೆ ಅಂತ ಸೀಲಿಂಗ್ ಕುಟ್ಟಿ ಕುಟ್ಟಿ ಹುಡುಕಬೇಕು. ಹಳೇ ಪೇಪರನ್ನು ಒಳಗೆ ಗಟ್ಟಿಯಾಗಿ ತುರುಕಿ, ಪಕ್ಕದ ಖಾಲಿ ತೂತುಗಳಿಗೆ ಟೇಪು ಸುತ್ತಿಸಿ.

ವೈರಿಂಗ್ ಪೈಪು 25 ಎಂಎಂ, ಐಎಸ್‌ಐ ಗುರುತಿನ ದಪ್ಪ ಪೈಪೇ ಆಗಲಿ. ತೆಳು ಪೈಪು ಕೂಲಿಯವರ ಕಾಲಡಿ ಚಪ್ಪಟೆಯಾಗುತ್ತದೆ. ಕೆಳಗಿನ ಕಂಬಿ ಜಾಲರಿಯ ಮೇಲೆ ಹಾಯಿಸಿ ಮೂರಡಿಗೊಂದು ಕಟ್ಟು ಹಾಕಿಸಿ. ಜಾಲರಿಯ ಕೆಳಗೆ, ಶೀಟಿನ ಮೇಲೆಯೇ ಮಲಗಿಸಿದರೆ ಆ ಗೆರೆಯಲ್ಲೇ ನಾಳೆ ಸೀಲಿಂಗ್ ಬಿರುಕು ಬಿಡುತ್ತದೆ. 5 ಇಂಚಿನ ಸ್ಲ್ಯಾಬಿನಲ್ಲಿ ಒಂದೇ ಕಡೆ ಮೂರು ಪೈಪು ಒಂದರ ಮೇಲೊಂದು ಹಾದರೆ 3 ಇಂಚು ಕಾಂಕ್ರೀಟ್ ಹೋದ ಹಾಗೇ. ಮನೆಯ ವೈರುಗಳೆಲ್ಲ ಬಂದು ಸೇರುವ ಡಿಬಿ ಕಡೆಗೆ ಎಲ್ಲವೂ ಒಟ್ಟಿಗೆ ಇಳಿಯುವಲ್ಲಿ ಪೈಪಿಗೂ ಪೈಪಿಗೂ ಮೂರಿಂಚು ಸಂದು ಬಿಡಿಸಿ, ಜಲ್ಲಿ ಒಳಗಿಳಿಯಲಿ. ತಿರುವಿನಲ್ಲಿ ಎಲ್ಬೋ ಬೇಡ, ಉದ್ದ ಬೆಂಡು ಹಾಕಿಸಿ; ಎಲ್ಬೋದಲ್ಲಿ ವೈರು ಸಿಕ್ಕಿಕೊಳ್ಳುತ್ತದೆ. ಪ್ರತಿ ಜಾಯಿಂಟಿಗೂ ಸಲ್ಯೂಷನ್ ಹಚ್ಚಿದ್ದಾರಾ ಅಂತ ಕೈಯಿಂದ ಎಳೆದು ನೋಡಿ. ಒಣ ಜಾಯಿಂಟು ವೈಬ್ರೇಟರ್ ತಾಗಿದೊಡನೆ ಬಿಚ್ಚಿಕೊಳ್ಳುತ್ತದೆ.

ಪ್ಲಂಬಿಂಗ್ ಪೈಪು ಹಾಯಲು ಸ್ಲ್ಯಾಬಿನಲ್ಲಿ ಮೊದಲೇ ತೂತು ಬಿಡಿಸುವ ಸ್ಲೀವಿನ ವಿಷಯದಲ್ಲಿ ಪ್ಲಂಬರುಗಳು "ಆಮೇಲೆ ಹೊಡೆದುಕೊಳ್ಳೋಣ ಬಿಡಿ" ಅನ್ನುವುದು ವಾಡಿಕೆ. ಒಪ್ಪಬೇಡಿ. ಹೊಡೆದ ತೂತಿನ ಸುತ್ತ ಕಣ್ಣಿಗೆ ಕಾಣದ ಬಿರುಕು ಉಳಿದು ನೀರು ಜಿನುಗುತ್ತದೆ, ಕಂಬಿಯೂ ತುಂಡಾಗುತ್ತದೆ. 110 ಎಂಎಂ ಪೈಪಿಗೆ 160 ಎಂಎಂ ಪೈಪಿನ ತುಂಡನ್ನು ಸ್ಲೀವ್ ಆಗಿ ನಿಲ್ಲಿಸಿ. ಸುತ್ತ ಸುಮಾರು ಒಂದಿಂಚು ಸಂದು ಸಿಗುತ್ತದೆ, ಆಮೇಲೆ ಅಲ್ಲಿಗೆ ಕುಗ್ಗದ ಗ್ರೌಟ್ ತುಂಬಬಹುದು. ತುಂಡು ಕಾಂಕ್ರೀಟ್ ಮಟ್ಟಕ್ಕಿಂತ ಎರಡಿಂಚು ಮೇಲಿರಲಿ, ಒಳಗೆ ಮರಳು ತುಂಬಿ ಬಾಯಿಗೆ ಗೋಣಿ ಕಟ್ಟಿಸಿ. ಕಂಬಿಗಳ ಅಂತರ 6 ಇಂಚಿದ್ದರೆ ಇಷ್ಟು ದೊಡ್ಡ ತುಂಡು ನಡುವೆ ಹಿಡಿಸುವುದಿಲ್ಲ. ಕಂಬಿ ಸರಿಸಲೂ ಆಗದೆ ಒಂದನ್ನು ಕತ್ತರಿಸಲೇಬೇಕಾದರೆ, ಅಷ್ಟೇ ದಪ್ಪದ ಒಂದೊಂದು ಕಂಬಿಯನ್ನು ತೂತಿನ ಎರಡೂ ಮಗ್ಗುಲಿಗೆ, ತೂತಿನಿಂದ ಎರಡೆರಡು ಅಡಿ ಆಚೆಗೆ ಹೋಗುವಂತೆ ಕಟ್ಟಿಸಿ. ಬೀಮಿನಲ್ಲಿ ಮಾತ್ರ ಎಂಜಿನಿಯರ್ ಹೇಳದೆ ಸ್ಲೀವ್ ಇಡಬೇಡಿ.

ಎಲ್ಲ ಆದ ಮೇಲೆ ಪ್ರತಿ ಬಾಕ್ಸಿನ ಪಕ್ಕ ಟೇಪು ಹಿಡಿದು ಎರಡು ಗೋಡೆಗಳಿಂದ ಅಳತೆ ತೆಗೆದು ಫೋಟೋ ಇಟ್ಟುಕೊಳ್ಳಿ. ಕಾಂಕ್ರೀಟ್ ಬೀಳುವಾಗ ಎಲೆಕ್ಟ್ರಿಷಿಯನ್ ಕಡೆಯ ಒಬ್ಬ ಹುಡುಗ ಎರಡು ಪೈಪ್ ತುಂಡು, ಕಪ್ಲರ್, ಸಲ್ಯೂಷನ್ ಡಬ್ಬಿ ಹಿಡಿದು ಮೇಲೆಯೇ ಇರಲಿ. ಒಡೆದ ಪೈಪನ್ನು ಕಾಂಕ್ರೀಟ್ ಮುಚ್ಚುವ ಮುಂಚೆ ಬದಲಿಸಲು ಸಿಗುವುದು ಐದೇ ನಿಮಿಷ.