ಕೋರ್ಸ್ ಸೇರುವ ಮೊದಲು ನಾನು ಮೂರು ತಿಂಗಳು ಎಣಿಸಿದ್ದು

2023ರ ಜೂನ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಕೊಪ್ಪಳ ತಾಲ್ಲೂಕಿನ ನಮ್ಮ ಊರಿಗೆ ಮರಳಿದಾಗ ಮುಂದೇನು ಎಂಬ ವಿಷಯದಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗಿಣಿಗೇರಾ ಸುತ್ತಲಿನ ಯಾವುದಾದರೂ ಕಾರ್ಖಾನೆಗೆ ನಾಳೆಯೇ ಸೇರಬೇಕು ಎನ್ನುವುದು ಅಪ್ಪನ ಮಾತು. ಬೆಂಗಳೂರಿಗೆ ಹೋಗಿ 45,000 ರೂಪಾಯಿ ಕಟ್ಟಿ ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಪಿಎಲ್‌ಸಿಯ ಕೋರ್ಸ್ ಮಾಡಬೇಕು ಎನ್ನುವುದು ನನ್ನ ಹಟ. ಕೋರ್ಸಿನ ಕರಪತ್ರದಲ್ಲಿ ‘ಭಾರೀ ಬೇಡಿಕೆ’ ಎಂದು ಅಚ್ಚಾಗಿತ್ತು, ನಾನು ಅದನ್ನು ನಂಬಿದ್ದೆ.

ತಡೆದದ್ದು ಸೋದರಮಾವ. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ಸಾಲ ಮಾಡಿ ಅದಿರು ಸಾಗಿಸುವ ಲಾರಿ ಕೊಂಡವನು ಅವನು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು, ಲಾರಿ ಮನೆಯ ಮುಂದೆ ನಿಂತಿತು. ‘ರಸ್ತೆಯ ಮೇಲಿನ ಲಾರಿ ಸಾಲು ನೋಡಿ ಲಾರಿ ಕೊಂಡೆ ತಮ್ಮಾ. ಆ ಸಾಲು ಯಾಕಿದೆ, ಎಲ್ಲಿಯವರೆಗೆ ಇರುತ್ತದೆ ಎಂದು ಒಬ್ಬರನ್ನೂ ಕೇಳಲಿಲ್ಲ. ನೀನು ಕೇಳಿ ಹೋಗು’ ಎಂದ. ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡೆ.

ಮೂರು ತಿಂಗಳು ಕಣ್ಣಿಗೆ ಬಿದ್ದ ಪ್ರತಿ ಕೆಲಸದ ಜಾಹೀರಾತನ್ನೂ ಅದರಲ್ಲಿ ಬರೆದೆ. ಸರ್ಕಾರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್, ಖಾಸಗಿ ತಾಣಗಳು, ವಾಟ್ಸ್ಆ್ಯಪ್ ಗುಂಪುಗಳು, ತೋರಣಗಲ್ಲಿನಲ್ಲಿ ಗುತ್ತಿಗೆದಾರರ ಕಚೇರಿಯ ಬಾಗಿಲಿಗೆ ಅಂಟಿಸಿದ ಕಾಗದ, ಏನನ್ನೂ ಬಿಡಲಿಲ್ಲ. ಕೆಲಸ ಯಾವುದು, ಕರೆಯುತ್ತಿರುವುದು ಕಂಪನಿಯೋ ಗುತ್ತಿಗೆದಾರನೋ, ಎಷ್ಟು ವರ್ಷದ ಅನುಭವ ಕೇಳಿದ್ದಾರೆ, ಎಷ್ಟು ಸಂಬಳ, ಇದೇ ಜಾಹೀರಾತು ಮತ್ತೆ ಬಂತೇ ಎಂದು ಐದು ಕಾಲಂ ಹಾಕಿಕೊಂಡಿದ್ದೆ. ಕೊನೆಗೆ 118 ನಮೂದುಗಳಾದವು. ಕೂತು ಜರಡಿ ಹಿಡಿದಾಗ ಉಳಿದದ್ದು 41 ಮಾತ್ರ. ಒಂದೇ ಖಾಲಿ ಜಾಗವನ್ನು ಮೂರು ನಾಲ್ಕು ಏಜೆನ್ಸಿಗಳು ತಮ್ಮ ತಮ್ಮ ಹೆಸರಿನಲ್ಲಿ ಹಾಕುತ್ತವೆ. ಪಾಳಿಯ ವೇಳೆ, ವಯಸ್ಸಿನ ಮಿತಿ ಒಂದೇ ಇರುತ್ತವೆ. ಕೆಲವೊಮ್ಮೆ ಕಾಗುಣಿತದ ತಪ್ಪೂ ಒಂದೇ ಇರುತ್ತದೆ, ಆಗ ಗುರುತು ಹಿಡಿಯುವುದು ಸುಲಭ. ಜರಡಿ ಹಿಡಿಯದೆ ಎಣಿಸಿದ್ದರೆ ಬೇಡಿಕೆ ಇದ್ದದ್ದಕ್ಕಿಂತ ಸುಮಾರು ಮೂರು ಪಟ್ಟು ಕಾಣುತ್ತಿತ್ತು.

ಮೊದಲ ತಿಂಗಳು ನಾನು ಎಡವಿದ್ದು ಸೌರ ಮತ್ತು ಪವನ ವಿದ್ಯುತ್ತಿನ ಲೆಕ್ಕದಲ್ಲಿ. ಕುಷ್ಟಗಿ, ಯಲಬುರ್ಗಾ ಕಡೆ ಹೊಲಗಳ ನಡುವೆ ಎದ್ದ ಗಾಳಿಯಂತ್ರಗಳನ್ನು ದಿನವೂ ನೋಡುತ್ತಿದ್ದೆ. ನೋಟ್‌ಬುಕ್ಕಿನಲ್ಲಿಯೂ ಆ ಕೆಲಸಗಳೇ ಹೆಚ್ಚಿದ್ದವು. ಎರಡನೇ ಸಲ ಓದಿದಾಗ ಒಂದು ವಿಷಯ ಹೊಳೆಯಿತು: ಬಹುಪಾಲು ಜಾಹೀರಾತುಗಳಲ್ಲಿ ‘ಪ್ರಾಜೆಕ್ಟ್ ಸೈಟ್’, ‘ಇರೆಕ್ಷನ್’ ಎಂಬ ಪದಗಳಿದ್ದವು. ಅಂದರೆ ಕಟ್ಟುವ ಕೆಲಸ. ಕಟ್ಟುವಾಗ ನೂರಾರು ಜನ ಬೇಕು. ಕಟ್ಟಿ ಮುಗಿದ ಮೇಲೆ ನೋಡಿಕೊಳ್ಳಲು ಬೆರಳೆಣಿಕೆಯಷ್ಟು ಜನ ಸಾಕು, ಉಳಿದವರು ಮುಂದಿನ ಸೈಟ್ ಇರುವ ರಾಜ್ಯಕ್ಕೆ ಗಂಟು ಕಟ್ಟಬೇಕು. ಊರೂರು ತಿರುಗಲು ಸಿದ್ಧರಿರುವವರಿಗೆ ಅದು ಒಳ್ಳೆಯ ಕೆಲಸವೇ. ಅಪ್ಪನ ಸಕ್ಕರೆ ಕಾಯಿಲೆ ನೋಡಿಕೊಂಡು ಮನೆಯ ಹತ್ತಿರ ಇರಬೇಕಾದ ನನಗೆ ಆಗುವಂಥದ್ದಲ್ಲ. ಆಮೇಲೆ ‘ಕಟ್ಟುವುದು’, ‘ನಡೆಸುವುದು’ ಎಂದು ಆರನೆಯ ಕಾಲಂ ಸೇರಿಸಿದೆ.

ಇನ್ನೊಂದು ಒಗಟು ಮತ್ತೆ ಮತ್ತೆ ಬರುವ ಜಾಹೀರಾತುಗಳದ್ದು. ಒಂದು ಕಾರ್ಖಾನೆಯ ಎಲೆಕ್ಟ್ರಿಕಲ್ ನಿರ್ವಹಣೆಯ ಕೆಲಸ ಆರು ವಾರದಲ್ಲಿ ಐದು ಸಲ ಬಂದಿತ್ತು. ಇನ್ನೊಂದು ಕಡೆ ಇನ್‌ಸ್ಟ್ರುಮೆಂಟೇಷನ್ ತಂತ್ರಜ್ಞನ, ಅಂದರೆ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವವನ ಕೆಲಸ ಎರಡು ತಿಂಗಳಾದರೂ ತುಂಬಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಕಡೆ ಜನರ ಕೊರತೆ. ನಿಜ ತಿಳಿಯಲು ಗೇಟಿಗೇ ಹೋಗಬೇಕಾಯಿತು.

ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬದಲಾಗುತ್ತದೆ. ಒಂದೂವರೆಗೆ ಹೋಗಿ ಚಹಾದಂಗಡಿಯಲ್ಲಿ ಕೂತರೆ ಒಳಗೆ ಹೋಗುವವರೂ ಸಿಗುತ್ತಾರೆ, ಹೊರಗೆ ಬರುವವರೂ ಸಿಗುತ್ತಾರೆ. ಮೊದಲ ಕಾರ್ಖಾನೆಯ ಗೇಟಿನಲ್ಲಿ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಚಹಾ ಹೀರುತ್ತಾ, ‘ಜಾಗ ಒಂದೇ ತಮ್ಮಾ, ಬಿಟ್ಟು ಹೋಗುವವರು ಐದು ಜನ’ ಎಂದರು. ಓವರ್‌ಟೈಮ್ ಹಣ ಸರಿಯಾಗಿ ಬರುತ್ತಿರಲಿಲ್ಲ, ಪಿಎಫ್ ತಡವಾಗಿ ಜಮೆಯಾಗುತ್ತಿತ್ತು. ಅದು ಸೋರುವ ಕೊಡ. ಎಷ್ಟು ನೀರು ಹಾಕಿದರೂ ಅದು ತುಂಬುವುದಿಲ್ಲ.

ಎರಡನೆಯದರ ಕಥೆ ನನ್ನ ನೋಟ್‌ಬುಕ್ಕಿನಲ್ಲಿಯೇ ಇತ್ತು. ಮೊದಲ ಸಲ ಬಂದಾಗ ಐದು ವರ್ಷದ ಅನುಭವ ಕೇಳಿದ್ದರು. ಮೂರು ವಾರದ ನಂತರ ಅದು ಮೂರು ವರ್ಷಕ್ಕೆ ಇಳಿಯಿತು, ಸಂಬಳ 18,000ದಿಂದ 22,000ಕ್ಕೆ ಏರಿತು. ಎರಡನೇ ತಿಂಗಳ ಕೊನೆಗೆ ‘ಹೊಸಬರನ್ನೂ ಪರಿಗಣಿಸಲಾಗುವುದು, ವಸತಿ ಉಂಟು’ ಎಂದು ಸೇರಿತ್ತು. ಜನ ನಿಜವಾಗಿಯೂ ಸಿಗದಿದ್ದಾಗ ಮಾಲೀಕ ಏನನ್ನಾದರೂ ಬಿಟ್ಟುಕೊಡುತ್ತಾನೆ: ಸಂಬಳ ಏರಿಸುತ್ತಾನೆ, ಇಲ್ಲವೇ ಷರತ್ತು ಸಡಿಲಿಸುತ್ತಾನೆ. ಅದೇ ಸಂಬಳ, ಅದೇ ಷರತ್ತಿನಲ್ಲಿ ಜಾಹೀರಾತು ತಿಂಗಳುಗಟ್ಟಲೆ ಮರಳಿ ಬರುತ್ತಿದ್ದರೆ ಜನ ಸಿಗುತ್ತಿದ್ದಾರೆ, ನಿಲ್ಲುತ್ತಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಇಡೀ ಮೂರು ತಿಂಗಳಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸುಳಿವು ಇದು. ಜಾಹೀರಾತಿಗೆ ದಿನಾಂಕ ಹಾಕಿ ಬರೆದಿಡದಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಸಂಬಳದ ವಿಷಯದಲ್ಲಿ ಜಾಹೀರಾತಿನ ಅಂಕಿಯನ್ನು ಹಾಗೆಯೇ ತೆಗೆದುಕೊಳ್ಳಬಾರದು. ವರ್ಷಕ್ಕೆ ಮೂರು ಲಕ್ಷ ಎಂದರೆ ತಿಂಗಳಿಗೆ 25,000 ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಮೂಲವೇತನ 15,000 ಇದೆ ಎಂದುಕೊಳ್ಳಿ. ಕಂಪನಿ ಕಟ್ಟುವ ಪಿಎಫ್ 1,800, ಗ್ರಾಚ್ಯುಟಿಗೆ ಸುಮಾರು 720, ವರ್ಷಕ್ಕೊಮ್ಮೆ ಬರುವ ಬೋನಸ್ಸಿನ ಪಾಲು 1,250, ಇಷ್ಟೂ ಆ 25,000ದ ಒಳಗೇ ಸೇರಿರುತ್ತದೆ. ನಮ್ಮ ಪಾಲಿನ ಪಿಎಫ್ 1,800 ಕಳೆದರೆ ಕೈಗೆ ಬರುವುದು 19,400ರ ಆಸುಪಾಸು. ಗುತ್ತಿಗೆದಾರ ‘ಕೈಗೆ 18,000’ ಎಂದು ಬರೆದಿದ್ದರೆ ಅದನ್ನು 25,000ದೊಂದಿಗೆ ಅಲ್ಲ, ಈ 19,400ರೊಂದಿಗೆ ಹೋಲಿಸಬೇಕು.

ಅದಕ್ಕಿಂತ ಮುಖ್ಯವಾದದ್ದು ಸಂಬಳ ಏರುವ ಬಗೆ. ‘ಸಂಬಳ ಎಷ್ಟು’ ಎಂದು ನೇರವಾಗಿ ಕೇಳಿದರೆ ಯಾರೂ ಹೇಳುವುದಿಲ್ಲ. ‘ನೀವು ಸೇರಿದಾಗ ಮೊದಲ ತಿಂಗಳು ಎಷ್ಟು ಬಂದಿತ್ತು ಅಣ್ಣಾ’ ಎಂದು ಶುರು ಮಾಡಿದರೆ ಈಗಿನದೂ ತಾನಾಗಿ ಬರುತ್ತದೆ. ಗುತ್ತಿಗೆಯಲ್ಲಿ ಎರಡು ವರ್ಷ ದುಡಿದ ಎಲೆಕ್ಟ್ರಿಷಿಯನ್ನನಿಗೆ 16,000, ಎಂಟು ವರ್ಷ ದುಡಿದವರಿಗೆ 18,500. ಅವರ ಕೂಲಿ ಕನಿಷ್ಠ ವೇತನಕ್ಕೆ ಕಟ್ಟಿಕೊಂಡಿತ್ತು, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಷ್ಟೇ ಏರುತ್ತಿತ್ತು. ಅನುಭವಕ್ಕೆ ಬೆಲೆ ಇರಲಿಲ್ಲ. 15,000ಕ್ಕೆ ಸೇರಿದ್ದ ಇನ್‌ಸ್ಟ್ರುಮೆಂಟೇಷನ್ ಹುಡುಗನೊಬ್ಬ ನಾಲ್ಕು ವರ್ಷದಲ್ಲಿ ಎರಡು ಕಾರ್ಖಾನೆ ಬದಲಿಸಿ 32,000ಕ್ಕೆ ಬಂದಿದ್ದ. ಮೊದಲ ಸಂಬಳದಲ್ಲಿ ಅವನೇ ಹಿಂದಿದ್ದ. ಗೇಟಿನಲ್ಲಿ ಸಿಗುವವರು ಉಳಿದುಕೊಂಡವರು ಮಾತ್ರ ಎಂಬುದೂ ನನ್ನ ತಲೆಯಲ್ಲಿತ್ತು, ಆದ್ದರಿಂದ ಕೆಲಸ ಬಿಟ್ಟು ಈಗ ಟಂಟಂ ಓಡಿಸುವ ಇಬ್ಬರನ್ನು ಹುಡುಕಿ ಮಾತನಾಡಿಸಿದೆ. ಇಬ್ಬರೂ ಗುತ್ತಿಗೆಯ ಎಲೆಕ್ಟ್ರಿಷಿಯನ್ನರಾಗಿದ್ದವರು.

ಹಾಗಾದರೆ ಪಿಎಲ್‌ಸಿ ಕೋರ್ಸೇ ಸರಿ ಎಂದುಕೊಂಡೆ, ಏಕೆಂದರೆ ಇನ್‌ಸ್ಟ್ರುಮೆಂಟೇಷನ್ನಿನ ಪ್ರತಿ ಜಾಹೀರಾತಿನಲ್ಲಿಯೂ ಆ ಪದವಿತ್ತು. ಅದು ತಪ್ಪು ಎಂದು ತೋರಿಸಿದ್ದು ಅದಿರಿನಿಂದ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿದ್ದ ಕಾಲೇಜಿನ ಸೀನಿಯರ್ ಒಬ್ಬರು. ಅನುಮತಿ ಪಡೆದು ಒಂದು ಭಾನುವಾರ ಒಳಗೆ ಕರೆದುಕೊಂಡು ಹೋದರು. ನಿಧಾನವಾಗಿ ಉರುಳುವ ಉದ್ದನೆಯ ಕುಲುಮೆಯಾದ ಕಿಲ್ನ್, ಅದರ ಉದ್ದಕ್ಕೂ ಚುಚ್ಚಿದ, ಉಷ್ಣತೆ ಅಳೆಯುವ ಥರ್ಮೋಕಪಲ್‌ಗಳು, ಎಲ್ಲೆಲ್ಲೂ ಕೆಂಪು ಕರಿ ಧೂಳು. ನಾವು ಕಂಟ್ರೋಲ್ ರೂಮಿನಲ್ಲಿದ್ದಾಗ ಒಂದು ಥರ್ಮೋಕಪಲ್ಲಿನ ಉಷ್ಣತೆ ಸಾವಿರ ಡಿಗ್ರಿಯ ಹತ್ತಿರದಿಂದ ಒಮ್ಮೆಲೇ ಮಾಪನದ ತುದಿಗೆ ಜಿಗಿಯಿತು. ಆಪರೇಟರ್ ಗಾಬರಿಯಾದ. ಉಷ್ಣತೆ ಕೈ ಮೀರಿದರೆ ಒಳಗಿನ ಸರಕು ಕರಗಿ ಗೋಡೆಗೆ ಬಳೆಯಂತೆ ಕಟ್ಟಿಕೊಳ್ಳುತ್ತದೆ, ಆಗ ಕಿಲ್ನ್ ನಿಲ್ಲಿಸಿ ಒಡೆಯಬೇಕಾಗುತ್ತದೆ.

ಸೀನಿಯರ್ ಮೊದಲು ಅಕ್ಕಪಕ್ಕದ ಎರಡು ಥರ್ಮೋಕಪಲ್‌ಗಳ ಅಂಕಿ ನೋಡಿದರು. ಅವು ಅಲುಗಾಡಿರಲಿಲ್ಲ. ನಿಜವಾಗಿ ಬಿಸಿ ಏರಿದ್ದರೆ ನೆರೆಯವೂ ಏರಬೇಕಿತ್ತು. ‘ಕಿಲ್ನ್ ಸರಿಯಾಗಿದೆ, ತಂತಿ ಹೋಗಿದೆ’ ಎಂದರು. ಥರ್ಮೋಕಪಲ್ ತುಂಡಾದಾಗ ಅಂಕಿ ಮೇಲಕ್ಕೆ ಜಿಗಿಯುವಂತೆ, ಅಳತೆಯನ್ನು ಕಂಟ್ರೋಲ್ ರೂಮಿಗೆ ಕಳಿಸುವ ಟ್ರಾನ್ಸ್‌ಮಿಟರ್‌ನಲ್ಲಿ ಮೊದಲೇ ಹೊಂದಿಸಿರುತ್ತಾರಂತೆ. ಹೋಗಿ ಎರಡು ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿದರು: ಸಂಪರ್ಕ ಕಡಿದಿತ್ತು. ಇಷ್ಟಕ್ಕೆ ಹತ್ತು ನಿಮಿಷ ಹಿಡಿಯಿತು. ಪಿಎಲ್‌ಸಿಯನ್ನು ಅವರು ಮುಟ್ಟಲೇ ಇಲ್ಲ.

‘ಕಂಪ್ಯೂಟರ್ ಮುಂದೆ ಕೂತು ಪಿಎಲ್‌ಸಿಗೆ ಲ್ಯಾಡರ್ ಪ್ರೋಗ್ರಾಂ ಬರೆಯುವವರು ಸಂದರ್ಶನಕ್ಕೆ ಬೇಕಾದಷ್ಟು ಬರುತ್ತಾರೆ’ ಎಂದು ವಿವರಿಸಿದರು. ‘0ಯಿಂದ 1200 ಡಿಗ್ರಿಗೆ ಹೊಂದಿಸಿದ ಟ್ರಾನ್ಸ್‌ಮಿಟರ್ 16 ಮಿಲಿಆಂಪ್ ಕೊಡುತ್ತಿದ್ದರೆ ಉಷ್ಣತೆ ಎಷ್ಟು ಎಂದು ಕೇಳಿದರೆ ಅರ್ಧದಷ್ಟು ಜನ ಸುಮ್ಮನಾಗುತ್ತಾರೆ.’ ಟ್ರಾನ್ಸ್‌ಮಿಟರ್ ತನ್ನ ಅಳತೆಯನ್ನು 4ರಿಂದ 20 ಮಿಲಿಆಂಪ್ ವಿದ್ಯುತ್ತಾಗಿ ಕಳಿಸುತ್ತದೆ. ಆ ಎರಡರ ನಡುವೆ 16ರ ಅಂತರ, ಅದರಲ್ಲಿ 12 ದಾಟಿದೆ, ಅಂದರೆ ಮುಕ್ಕಾಲು, 900 ಡಿಗ್ರಿ. ಜಾಹೀರಾತಿನಲ್ಲಿ ಬರೆದ ಕೌಶಲ ಒಂದು, ಗೇಟಿನೊಳಗೆ ಸಿಗದೆ ಒದ್ದಾಡುವ ಕೌಶಲ ಇನ್ನೊಂದು. ಮೊದಲನೆಯದಕ್ಕೆ ಕೋರ್ಸ್ ಇತ್ತು, ಎರಡನೆಯದನ್ನು ಧೂಳಿನಲ್ಲಿಯೇ ಕಲಿಯಬೇಕಿತ್ತು.

ಇದು ಎಲ್ಲಿಯವರೆಗೆ ಇರುತ್ತದೆ ಎಂಬ ಸೋದರಮಾವನ ಪ್ರಶ್ನೆ ಇನ್ನೂ ಬಾಕಿಯಿತ್ತು. ಅದಿರಿನ ಬೆಲೆ, ಕಲ್ಲಿದ್ದಲಿನ ಬೆಲೆ ಕೆಟ್ಟಾಗ ಸಣ್ಣ ಸ್ಪಾಂಜ್ ಐರನ್ ಘಟಕಗಳು ಬಾಗಿಲು ಹಾಕುತ್ತವೆ. ನೋಟ್‌ಬುಕ್ಕಿನಲ್ಲಿ ಇನ್‌ಸ್ಟ್ರುಮೆಂಟೇಷನ್ ಕೇಳಿದವರು ಯಾರು ಯಾರು ಎಂದು ಬೇರ್ಪಡಿಸಿದೆ. ಉಕ್ಕಿನವರ ಜೊತೆಗೆ ಕುಡತಿನಿ, ಶಕ್ತಿನಗರದಂಥ ಕಡೆ ಶಾಖೋತ್ಪನ್ನ ವಿದ್ಯುತ್ತಿನ ಗುತ್ತಿಗೆದಾರರಿದ್ದರು, ಸಿಮೆಂಟಿನವರಿದ್ದರು, ಸಕ್ಕರೆ ಕಾರ್ಖಾನೆಗಳಿದ್ದವು. ಒಂದು ಉದ್ಯಮ ಮಲಗಿದರೂ ಕೈಕಸುಬು ಇನ್ನೊಂದು ಗೇಟಿಗೆ ನಡೆಯುತ್ತದೆ ಎಂದು ಖಚಿತವಾದ ಮೇಲೆಯೇ ತೀರ್ಮಾನ ಮಾಡಿದೆ.

ಬೆಂಗಳೂರಿನ ಕೋರ್ಸ್ ಬಿಟ್ಟು ಒಂದು ವರ್ಷ ಅಪ್ರೆಂಟಿಸ್ ಆಗಿ ಸೇರಿದೆ. ಡಿಪ್ಲೊಮಾದವರಿಗೆ ಆಗ ಕನಿಷ್ಠ ಭತ್ಯೆ ತಿಂಗಳಿಗೆ 8,000 ಇತ್ತು. ಗೆಳೆಯರು ಆಗಲೇ ಅದರ ಎರಡರಷ್ಟು ದುಡಿಯುತ್ತಿದ್ದರು, ಅಪ್ಪ ಆ ವರ್ಷವೆಲ್ಲ ನನ್ನೊಡನೆ ಹೆಚ್ಚು ಮಾತನಾಡಲಿಲ್ಲ. ಆ ಕಷ್ಟ ನಿಜವಾದದ್ದು. ಮನೆಯಲ್ಲಿ ಅಣ್ಣನ ದುಡಿಮೆ ಇರದಿದ್ದರೆ ನನಗೆ ಹಾಗೆ ಕಾಯಲು ಆಗುತ್ತಿರಲಿಲ್ಲ. ಅಪ್ರೆಂಟಿಸ್ ಮುಗಿದ ಮೇಲೆ ಸಂದರ್ಶನಕ್ಕೆ ಹೋದ ಎರಡನೆಯ ಕಡೆ ಕೆಲಸ ಸಿಕ್ಕಿತು, ಕೈಗೆ 21,000.

ನೋಟ್‌ಬುಕ್ ನಿಲ್ಲಿಸಿಲ್ಲ, ಮೂರು ತಿಂಗಳಿಗೊಮ್ಮೆ ಒಂದು ವಾರ ಬರೆಯುತ್ತೇನೆ. ಈಚೆಗೆ ಮೋಟಾರು, ಫ್ಯಾನುಗಳ ಕಂಪನ ಅಳೆಯುವ ಕೆಲಸದ ಹೆಸರು ಏಳು ಕಡೆ ಕಂಡಿದೆ. ಏಳರಲ್ಲಿಯೂ ಸಂಬಳ ಏರಿಲ್ಲ, ಷರತ್ತು ಇಳಿದಿಲ್ಲ. ಆ ಪುಟದ ಮೂಲೆ ಮಡಚಿಟ್ಟಿದ್ದೇನೆ.