ಹಿರಿಯರಿಗೆ ಆಫೀಸ್ ಮೇಲ್ ಕನ್ನಡಿಸುವಾಗ ಮೊದಲು ಕ್ರಿಯಾಪದ ನೋಡಿ

ಮೊದಲು ಇಂಗ್ಲಿಷ್ ಮೇಲನ್ನು ಪೂರ್ತಿ ಓದಿ, ಏನು ಕೇಳಿದ್ದಾರೆ, ಯಾವಾಗ ಬೇಕು ಎಂಬುದನ್ನು ಗುರುತು ಹಾಕಿಕೊಳ್ಳಿ. ಇದು ಎರಡು ನಿಮಿಷದ ಕೆಲಸ. ಜನ ಎಡವುವುದು ಇದಾದ ಮೇಲೆ.

ಒಂದೇ ಸಾಲು ನೋಡೋಣ: ‘ಪ್ಲೀಸ್ ಸೆಂಡ್ ದ ರಿವೈಸ್ಡ್ ಫೈಲ್ ಬೈ ಫ್ರೈಡೇ.’ ಬರೆದವರು ಕಿರಿಯರು, ಓದುವವರು ನಿವೃತ್ತಿಯ ಅಂಚಿನಲ್ಲಿರುವ ಸಹೋದ್ಯೋಗಿ. ಗೌರವ ಇರಲಿ ಎಂದು ‘ಪರಿಷ್ಕೃತ ಕಡತವನ್ನು ಶುಕ್ರವಾರದೊಳಗೆ ರವಾನಿಸತಕ್ಕದ್ದು’ ಎಂದು ಬರೆದವರನ್ನು ಎಷ್ಟೋ ಸಲ ಕಂಡಿದ್ದೇನೆ. ‘ತಕ್ಕದ್ದು’ ಎಂಬುದು ನಿಯಮಾವಳಿಯ ಮಾತು. ಪದಗಳು ಭಾರವಾದವು, ದನಿ ಮಾತ್ರ ಅಪ್ಪಣೆಯದೇ ಆಯಿತು. ಇನ್ನು ಕೆಲವರು ‘ಫೈಲ್ ಕಳಿಸ್ಬಿಡಿ ಸರ್’ ಎನ್ನುತ್ತಾರೆ. ಎದುರಿಗೆ ನಿಂತು ಹೇಳಿದರೆ ನಗು, ದನಿ ಜೊತೆಗಿರುತ್ತವೆ. ಬರಹದಲ್ಲಿ ಅವಿಲ್ಲ, ಬರೀ ಅವಸರ ಕಾಣುತ್ತದೆ.

ಕನ್ನಡದಲ್ಲಿ ಗೌರವ ಹೆಚ್ಚಾಗಿ ಕೂತಿರುವುದು ಕ್ರಿಯಾಪದದ ತುದಿಯಲ್ಲಿ. ‘ಕಳಿಸಿ’ ತಪ್ಪಲ್ಲ, ಆದರೆ ಬೋಳು. ‘ಕಳಿಸಿಕೊಡಿ’ ಎಂದಾಗ ಆ ‘ಕೊಡು’ ಸೇರಿ, ನನಗಾಗಿ ಮಾಡುತ್ತಿದ್ದೀರಿ ಎಂಬ ಭಾವ ಬರುತ್ತದೆ. ‘ಕಳಿಸಿಕೊಡಬಹುದೇ’ ಎಂದರೆ ಒಲ್ಲೆ ಎನ್ನಲೂ ಜಾಗ ಕೊಟ್ಟಂತೆ. ಗಡುವು ಗಟ್ಟಿಯಿದ್ದಾಗ ಇದನ್ನು ಬಳಸಬೇಡಿ, ಅವರು ನಿಜಕ್ಕೂ ಆಯ್ಕೆಯೆಂದೇ ತಿಳಿಯಬಹುದು. ‘ಕಳಿಸಿಕೊಡಬೇಕಾಗಿ ವಿನಂತಿ’ ಅರ್ಜಿಯ ಭಾಷೆ. ಪಕ್ಕದ ಮೇಜಿನವರಿಗೆ ಬರೆದರೆ ದೂರ ತಳ್ಳಿದಂತೆ. ಹಾಗಾಗಿ ನನ್ನ ಸಲಹೆ ಒಂದೇ: ಪದಗಳು ದಿನಬಳಕೆಯವಿರಲಿ, ಕ್ರಿಯಾಪದ ಮೊಟಕಾಗದೆ ಪೂರ್ತಿಯಿರಲಿ. ಫೈಲನ್ನು ಫೈಲ್ ಎಂದೇ ಬರೆಯಿರಿ.

ಮುಂದಿನ ತೊಡಕು ‘ತಾವು’. ಅವರನ್ನು ದಿನವೂ ‘ನೀವು’ ಎನ್ನುತ್ತಿದ್ದರೆ ಮೇಲಿನಲ್ಲೂ ‘ನೀವು’ ಸಾಕು. ‘ತಾವು’ ಹಿಡಿದರೆ ಕೊನೆಯವರೆಗೂ ಹಿಡಿಯಬೇಕು. ನಡುವೆ ‘ನಿಮ್ಮ’ ನುಸುಳಿದರೆ ಎದ್ದು ಕಾಣುತ್ತದೆ. ಅರ್ಥವೂ ಕೆಡಬಹುದು. ‘ಮ್ಯಾನೇಜರ್ ತಮ್ಮ ಫೈಲ್ ನೋಡಿದ್ದಾರೆ’ ಎಂದರೆ ಯಾರ ಫೈಲ್? ಮ್ಯಾನೇಜರದ್ದೋ, ಓದುತ್ತಿರುವ ಹಿರಿಯರದ್ದೋ? ‘ನಿಮ್ಮ’ ಎಂದರೆ ಆ ಗೊಂದಲವೇ ಇಲ್ಲ.

ಪತ್ರ ಮಾದರಿಗಳ ಪುಸ್ತಕದಿಂದ ‘ತಮ್ಮ ವಿಧೇಯ’ ಎತ್ತಿಕೊಳ್ಳಬೇಡಿ, ಅದು ಮನವಿ ಪತ್ರಕ್ಕೆ. ಸಾಲು ಸಾಲಿಗೂ ‘ದಯವಿಟ್ಟು’ ಬೇಡ. ಒಮ್ಮೆ ಬಂದರೆ ವಿನಯ, ಮೂರು ಸಲ ಬಂದರೆ ಒತ್ತಾಯ.

ಗಡುವನ್ನೂ ಬಿಡಿಸಿ ಬರೆಯಿರಿ. ‘ಶುಕ್ರವಾರದೊಳಗೆ’ ಎಂದರೆ ಕೆಲವರು ಗುರುವಾರಕ್ಕೇ ಮುಗಿಸಬೇಕೆಂದುಕೊಳ್ಳುತ್ತಾರೆ. ಬರೆದವರನ್ನೇ ಕೇಳಿ, ವೇಳೆ ಖಚಿತಪಡಿಸಿಕೊಳ್ಳಿ.

ಕೊನೆಗೆ ನಾನು ಬರೆಯುವುದು ಹೀಗೆ: ‘ನಮಸ್ಕಾರ ಸರ್, ತಿದ್ದಿದ ಫೈಲನ್ನು ಶುಕ್ರವಾರ ಸಂಜೆ ಐದರೊಳಗೆ ದಯವಿಟ್ಟು ಕಳಿಸಿಕೊಡಿ. ಏನಾದರೂ ಕೇಳುವುದಿದ್ದರೆ ನನಗೆ ಫೋನ್ ಮಾಡಿ.’ ಕಳಿಸುವ ಮೊದಲು ಅವರೆದುರು ಕೂತಂತೆ ಒಮ್ಮೆ ಗಟ್ಟಿಯಾಗಿ ಓದಿ. ಬಾಯಿ ತಡವರಿಸಿದ ಕಡೆ ಕ್ರಿಯಾಪದ ಬದಲಿಸಿ.