ಔಷಧಿ ಪರದೆ ಒಗೆದು ಹಾಳ್ ಮಾಡಿದ್ದು, ಆಮೇಲೆ ಮೂರು ವರ್ಷ ಓಡಿಸಿದ್ದು

ಔಷಧಿ ಹಾಕಿರೋ ಸೊಳ್ಳೆ ಪರದೆನೂ ಒಂದೇ ಮಾಮೂಲಿ ಪರದೆನೂ ಒಂದೇ, ಸುಮ್ನೆ ದುಡ್ಡು ದಂಡ ಅಂತ ಮನೇಲಿ ಎಲ್ರೂ ನಕ್ಕಿದ್ರು. ಮೊದಲನೇ ಪರದೆ ವಿಷ್ಯದಲ್ಲಿ ಅವ್ರು ಹೇಳಿದ್ದೇ ನಿಜ ಆಯ್ತು, ಯಾಕಂದ್ರೆ ಹಾಳ್ ಮಾಡಿದ್ದು ನಾನೇ. ಹದಿನೈದು ದಿನಕ್ಕೊಂದ್ಸಲ ಡಿಟರ್ಜೆಂಟಲ್ಲಿ ನೆನೆಸೋದು, ಕಲೆ ಹೋಗ್ಲಿ ಅಂತ ಬ್ಲೀಚ್ ಬೇರೆ, ಆಮೇಲೆ ರಣ ಬಿಸಿಲಲ್ಲಿ ಒಣಹಾಕೋದು. ಪರದೆಗೆ ಹಾಕೋ ಡೆಲ್ಟಾಮೆಥ್ರಿನ್ ಥರದ ಸೊಳ್ಳೆ ಔಷಧಿಗಳು ಕ್ಷಾರ ಇರೋ ಸೋಪಿನ ಪುಡಿಗೂ ಬಿಸಿಲಿಗೂ ತಡೆಯಲ್ಲ. ಆರು ತಿಂಗಳಲ್ಲಿ ಪರದೆ ಬೆಳ್ಳಗಿತ್ತು, ಆದ್ರೆ ಸೊಳ್ಳೆ ಅದರ ಮೇಲೆ ಆರಾಮಾಗಿ ಕೂತ್ಕೊಂಡು ಮೊಣಕೈ ತಾಗಿದ್ ಕಡೆ ಚುಚ್ತಿತ್ತು. ಪೂರ್ತಿ ದುಡ್ಡು ಹೋಯ್ತು.

ಎರಡನೇದು ತಂದಾಗ ಬುದ್ಧಿ ಬಂದಿತ್ತು. ಪ್ಯಾಕೆಟ್ ಬಿಚ್ಚಿ ಒಂದು ದಿನ ನೆರಳಲ್ಲಿ ಗಾಳಿಗೆ ಹಾಕಿ ಆಮೇಲೆ ಕಟ್ದೆ. ಮೂರು ತಿಂಗಳಿಗೊಂದೇ ಒಗೆತ, ತಣ್ಣೀರು, ಮೈಗೆ ಹಚ್ಚೋ ಸಾದಾ ಸೋಪು, ಕೈಯಲ್ಲಿ ಮೆತ್ತಗೆ ಅದ್ದಿ ಎತ್ತೋದಷ್ಟೆ, ಕಲ್ಲಿಗೆ ಬಡಿಯೋ ಹಾಗಿಲ್ಲ. ಒಣಗಿಸೋದೂ ನೆರಳಲ್ಲೇ. ಒಗೆದ ನೀರನ್ನ ಕೆರೆ ಕಾಲುವೆಗೆ ಬಿಡಬೇಡಿ, ಮೀನಿಗೆ ವಿಷ ಅದು. ಈ ಪರದೆ ಸುಮಾರು 20 ಒಗೆತ ಅಥವಾ 3 ವರ್ಷ ಬರೋ ಲೆಕ್ಕದಲ್ಲೇ ಮಾಡಿರ್ತಾರೆ, ಹಾಗಾಗಿ ಮೂಲೆಯಲ್ಲಿ ಒಂದು ಕೆಂಪು ದಾರ ಹೊಲಿದು ಒಗೆದಾಗೆಲ್ಲ ಒಂದು ಗಂಟು ಹಾಕ್ತಾ ಬಂದೆ. ಮೂರು ವರ್ಷ ತುಂಬಿದಾಗ ಹನ್ನೊಂದೋ ಹನ್ನೆರಡೋ ಗಂಟಿತ್ತು, ಬೆಳಿಗ್ಗೆ ಪರದೆ ಬುಡದಲ್ಲಿ ಸತ್ತ ಸೊಳ್ಳೆ ಆಗ್ಲೂ ಸಿಗ್ತಿತ್ತು. ನಕ್ಕವರು ಈಗ ಗಂಟು ಎಣಿಸೋಕೆ ಬರ್ತಾರೆ.

ಮಧ್ಯೆ ಒಂದು ತಮಾಷೆ ಪ್ರಯೋಗನೂ ಮಾಡಿದೆ. ಒಂದು ರಾತ್ರಿ ಮಾಮೂಲಿ ಪರದೆಗೆ, ಮಾರನೇ ರಾತ್ರಿ ಔಷಧಿ ಪರದೆಗೆ ಬೇಕಂತಲೇ ಕೈ ಒರಗಿಸಿ ಮಲಗಿದೆ. ಮೊದಲನೇದ್ರಲ್ಲಿ ಏಳೆಂಟು ಗುಳ್ಳೆ, ಎರಡನೇದ್ರಲ್ಲಿ ಒಂದೋ ಎರಡೋ. ಕಿರುಬೆರಳು ತೂರೋ ಅಷ್ಟು ತೂತು ಬಿದ್ದಾಗ್ಲೂ ಔಷಧಿ ಪರದೆ ಒಂದಷ್ಟು ಕೆಲ್ಸ ಮಾಡತ್ತೆ, ಮಾಮೂಲಿದು ತೂತಾದ್ರೆ ಮುಗೀತು. ಆದ್ರೂ ತೂತು ಕಂಡ ದಿನಾನೇ ಹೊಲಿದುಬಿಡಿ. ಔಷಧಿಗೆ ಸೊಳ್ಳೆ ಒಗ್ಗಿಹೋಗಿರೋ ಕಡೆ ಮಾತ್ರ ಇಷ್ಟು ಫಲ ಸಿಗಲ್ಲ, ಅಲ್ಲಿಗೆ ಔಷಧಿಯ ಜೋರು ಹೆಚ್ಚಿಸೋ ಪಿಬಿಒ ಅನ್ನೋದು ಸೇರಿಸಿರೋ ಪರದೆ ಬರತ್ತೆ.

ಕಿಟಕಿ ಜಾಲರಿ ಇದ್ರೆ ಪರದೆ ಯಾಕೆ ಅಂತೀರಾ? ಎರಡರ ಕೆಲ್ಸ ಬೇರೆ. ಡೆಂಗಿ ಸೊಳ್ಳೆ ಕಚ್ಚೋದು ಹಗಲಲ್ಲಿ, ಆಗ ಪರದೆಯೊಳಗೆ ಯಾರ್ ಕೂತಿರ್ತಾರೆ, ಜಾಲರಿನೇ ಗತಿ. ನಾನು ಜಾಲರಿಗೂ ಸಿಕ್ಕಾಪಟ್ಟೆ ಖರ್ಚು ಮಾಡಿದೆ, ಸೊಳ್ಳೆ ಕಮ್ಮಿನೇ ಆಗ್ಲಿಲ್ಲ. ಒಂದಿನ ರಾತ್ರಿ ಒಳಗೆ ಲೈಟ್ ಹಾಕಿ ಹೊರಗಿಂದ ನೋಡಿದ್ರೆ ಫ್ರೇಮಿಗೂ ಗೋಡೆಗೂ ನಡುವೆ ಉದ್ದಕ್ಕೂ ಬೆಳಕಿನ ಗೆರೆ! ಜಾಲರಿ ಸರಿಯಾಗೇ ಇತ್ತು, ಬರ್ತಿದ್ದಿದ್ದು ಆ ಸಂದಿಂದ. ಸ್ಪಾಂಜ್ ಪಟ್ಟಿ ಅಂಟಿಸಿದ್ಮೇಲೆ ನಿಂತ್ಹೋಯ್ತು. ಸಂಜೆ ಹೊತ್ತು ಬಾಗಿಲು ತೆರೆದಿಡೋರಿಗೆ ಮಾತ್ರ ನನ್ನ ಹತ್ರ ಔಷಧಿ ಇಲ್ಲ.